ಮೂರು ಟೈಲ್ಸಿನ ಮಂಚ

ಖಾಲಿ ಮನೆಗಳ ಫೋಟೋ ತೆಗೆದು ಅದರೊಳಗೆ ಮಂಚ, ಸೋಫಾ, ಪರದೆ, ಹೂದಾನಿ ಇಡುವುದು ಈಗ ನನ್ನ ಕಸುಬು. ಇಡುವುದು ಕಂಪ್ಯೂಟರಿನಲ್ಲಿ. ಮನೆ ಎಂದಿನಂತೆ ಖಾಲಿಯೇ ಇರುತ್ತದೆ. ಬಾಡಿಗೆಗೆ ಮನೆ ಹುಡುಕುವವರು ಮೊಬೈಲಿನಲ್ಲಿ ಬೋಳು ಗೋಡೆ ಕಂಡರೆ ಮುಂದಕ್ಕೆ ಸರಿಸಿಬಿಡುತ್ತಾರೆ, ಒಂದು ಸೋಫಾ ಕಂಡರೆ ಅರೆಗಳಿಗೆ ನಿಲ್ಲುತ್ತಾರೆ. ಆ ಅರೆಗಳಿಗೆಯಲ್ಲಿ ನನ್ನ ಹೊಟ್ಟೆಪಾಡು ನಡೆಯುತ್ತದೆ.

ಮೊದಲು ಕುಶಾಲನಗರದಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಈಗಲೂ ಇದೆ, ಬೋರ್ಡೂ ಇದೆ, ಒಳಗೆ ಬರುವವರು ಕಡಿಮೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಂದು ಇಪ್ಪತ್ತೈದು ವರ್ಷ ನಿಂತಲ್ಲೇ ನಿಂತಿದ್ದೆ. ಆಮೇಲೆ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಬಂತು. ಕಕ್ಕಬೆ ಕಡೆಯ ಹೋಮ್‌ಸ್ಟೇಯವರು ರೂಮಿನ ಫೋಟೋ ತೆಗೆಸಲು ಕರೆದರು, ಹೋದೆ. ಅಲ್ಲಿಂದ ನಮ್ಮೂರಿನ ಮನೆ ಬ್ರೋಕರ್ ಒಬ್ಬ ಹಿಡಿದುಕೊಂಡ. ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವನು, ಮನೆಯಲ್ಲಿ ಮಲಯಾಳಂ, ಬೀದಿಯಲ್ಲಿ ಕನ್ನಡ, ಫೋನಿನಲ್ಲಿ ಎದುರಿನವರದು ಯಾವುದೋ ಅದು. ಅವನು ನನ್ನನ್ನು ಅಣ್ಣ ಅನ್ನುತ್ತಾನೆ, ಕೆಲಸ ಹೇಳುವಾಗ ಮಾತ್ರ ಮೇಸ್ತ್ರಿಯ ದನಿ ಬರುತ್ತದೆ.

ನನ್ನ ಕೆಲಸದ ಬಗ್ಗೆ ನನಗೆ ಸ್ವಲ್ಪ ಜಂಬ ಉಂಟು. ಈಗ ಫೋಟೋ ಹಾಕಿ ಒಂದು ಗುಂಡಿ ಒತ್ತಿದರೆ ತಾನೇ ಮನೆ ತುಂಬಿಸಿಕೊಡುವ ಆಪ್‌ಗಳು ಬಂದಿವೆ. ಒಂದು ಸಲ ನೋಡಿದೆ. ಮಂಚವನ್ನೇನೋ ಚೆನ್ನಾಗಿಯೇ ಹಾಕಿತು, ಜೊತೆಗೆ ಗೋಡೆಯಲ್ಲಿ ಇಲ್ಲದ ಕಿಟಕಿಯೊಂದನ್ನು ತೆರೆಯಿತು, ಇದ್ದ ಬಾತ್‌ರೂಮ್ ಬಾಗಿಲನ್ನು ನುಂಗಿತು. ಹಾಳಾಗಿ ಹೋಗಲಿ ಎಂದು ಬಿಟ್ಟೆ. ನಾನು ಕೈಯಿಂದಲೇ ಕೂರಿಸುತ್ತೇನೆ. ಸ್ಟ್ಯಾಂಡನ್ನು ಎದೆಮಟ್ಟಕ್ಕೆ ನಿಲ್ಲಿಸಿ, ಕಿಟಕಿಯ ಬೆಳಕಿಗೊಂದು, ಕೋಣೆಯ ಬೆಳಕಿಗೊಂದು, ನಡುವಿನದಕ್ಕೊಂದು ಎಂದು ಮೂರು ಫೋಟೋ ತೆಗೆದು, ಆಮೇಲೆ ಮೂರನ್ನೂ ಸೇರಿಸಿ ಒಂದು ಮಾಡುತ್ತೇನೆ. ಓರೆಯಾದ ಗೋಡೆಗಳನ್ನು ನೆಟ್ಟಗೆ ಮಾಡುತ್ತೇನೆ. ಟೈಲ್ಸಿನ ಗೆರೆಗಳು ದೂರದಲ್ಲಿ ಎಲ್ಲಿ ಹೋಗಿ ಕೂಡುತ್ತವೆ ಎಂದು ಗೆರೆ ಎಳೆದು ನೋಡಿ, ಅದೇ ಓಟಕ್ಕೆ ಮಂಚವನ್ನು ತಿರುಗಿಸುತ್ತೇನೆ. ಬೆಳಕು ಎಡಗಡೆಯ ಕಿಟಕಿಯಿಂದ ಬಂದರೆ ನೆರಳು ಬಲಕ್ಕೆ. ಮಂಚದ ಕಾಲಡಿ ಒಂದು ಗೆರೆಯಷ್ಟು ಕಪ್ಪು ಬೀಳದಿದ್ದರೆ ಮಂಚ ನೆಲಕ್ಕೆ ತಾಗುವುದೇ ಇಲ್ಲ, ಗಾಳಿಯಲ್ಲಿ ತೇಲುತ್ತದೆ. ನುಣುಪು ಟೈಲ್ಸಾದರೆ ಅದರೊಳಗೆ ಮಂಚದ ಮಸುಕು ಪ್ರತಿಬಿಂಬವೂ ಬೇಕು.

ಇದಕ್ಕೊಂದು ನಿಯಮವಿದೆ. ಮನೆಗೆ ಅಂಟಿಕೊಂಡದ್ದನ್ನು ಮುಟ್ಟುವಂತಿಲ್ಲ. ಗೋಡೆಯ ತೇವದ ಕಲೆ, ಸ್ವಿಚ್‌ಬೋರ್ಡು, ಕಿಟಕಿಯಾಚೆಯ ನೀರಿನ ಟ್ಯಾಂಕು ಇದ್ದ ಹಾಗೆ ಇರಬೇಕು. ಬ್ರೋಕರ್ ಒಂದೆರಡು ಸಲ, ಅಣ್ಣ, ಆ ಪಾಚಿ ಕಲೆಯ ಮುಂದೆ ಒಂದು ಅಲ್ಮೇರಾ ನಿಲ್ಲಿಸಿಬಿಡಿ ಎಂದಿದ್ದ. ನಾನು ಒಪ್ಪಿರಲಿಲ್ಲ. ಚಿತ್ರದ ಮೂಲೆಯಲ್ಲಿ 'ಪೀಠೋಪಕರಣ ಚಿತ್ರಕ್ಕೆ ಮಾತ್ರ' ಎಂದು ಬರೆಯುತ್ತಿದ್ದೆ, ಪಕ್ಕದಲ್ಲಿ ಅದೇ ಕೋಣೆಯ ಖಾಲಿ ಫೋಟೋವನ್ನೂ ಹಾಕಿಸುತ್ತಿದ್ದೆ. ಹೀಗಾಗಿ ನಾನು ಪ್ರಾಮಾಣಿಕ ಎಂದು ನಂಬಿಕೊಂಡಿದ್ದೆ. ಅಳತೆಯೂ ಪ್ರಾಮಾಣಿಕತೆಯ ಒಂದು ಭಾಗ ಎಂಬುದು ಹೊಳೆದಿರಲಿಲ್ಲ.

ಮಂಚವನ್ನು ಎಷ್ಟು ದೊಡ್ಡದಾಗಿ ಹಾಕಬೇಕು ಎಂಬುದೇ ಈ ಕೆಲಸದ ಜೀವ. ಟೇಪು ಹಿಡಿದು ಅಳೆಯುವವರು ಇದ್ದಾರೆ. ನಾನು ಟೈಲ್ಸ್ ಎಣಿಸುತ್ತಿದ್ದೆ. ನಮ್ಮ ಕಡೆ ಈಗ ಯಾರೇ ಮನೆ ಕಟ್ಟಲಿ, ಎರಡಡಿಗೆ ಎರಡಡಿ ಟೈಲ್ಸು. ಡಬಲ್ ಕಾಟ್ ಆರಡಿ ಅಗಲ, ಅಂದರೆ ಮೂರು ಟೈಲ್ಸು. ಉದ್ದ ಮೂರೂಕಾಲು. ಸೋಫಾ ಮೂರೂವರೆ. ಇದು ನನಗೆ ಬಾಯಿಪಾಠವಾಗಿತ್ತು. ಕಣ್ಣು ಮುಚ್ಚಿ ಕೂರಿಸುತ್ತಿದ್ದೆ. ಅನುಮಾನ ಬಂದರೆ ಬಾಗಿಲು ನೋಡುವುದು. ಬಾಗಿಲು ಏಳಡಿ, ಅದಕ್ಕೆ ಹೋಲಿಸಿದರೆ ಸುಳ್ಳು ಸಿಕ್ಕಿಬೀಳುತ್ತದೆ. ನನಗೆ ಅನುಮಾನ ಬರುತ್ತಿರಲಿಲ್ಲ.

ನಾನು ಎಡವಿದ ಫ್ಲ್ಯಾಟು ನನ್ನ ಸ್ಟುಡಿಯೋದಿಂದ ಅರ್ಧ ಕಿಲೋಮೀಟರ್ ದೂರ. ನಾಲ್ಕಂತಸ್ತಿನ ಹಳೆಯ ಕಟ್ಟಡ, ನೆಲಮಹಡಿಯ ಮನೆ, ಎರಡು ಬೆಡ್‌ರೂಮು. ಓನರ್ ಮೈಸೂರಿನಲ್ಲಿ. ಬ್ರೋಕರ್ ಕೀ ಕೊಟ್ಟು, ಇವತ್ತೇ ಬೇಕು ಅಣ್ಣ ಅಂದ. ಅವನಿಗೆ ಎಲ್ಲವೂ ಇವತ್ತೇ ಬೇಕು. ಅದೇ ವಾರ ಇನ್ನೂ ಏಳೆಂಟು ಮನೆ ಇದ್ದವು. ದೊಡ್ಡ ಬೆಡ್‌ರೂಮಿನಲ್ಲಿ ಹಿಂದಕ್ಕೆ ಹೋಗಲು ಜಾಗ ಸಾಲದೆ ಹೊಸ್ತಿಲ ಮೇಲೆ ನಿಂತು ತೆಗೆದೆ. ಹೊಸ್ತಿಲ ಮೇಲೆ ನಿಂತವನಿಗೆ ಬಾಗಿಲು ಫೋಟೋದಲ್ಲಿ ಬರುವುದಿಲ್ಲ. ಬಾತ್‌ರೂಮಿನ ಬಾಗಿಲು ಆಚೆ ಮೂಲೆಯ ತಿರುವಿನಲ್ಲಿತ್ತು, ಅದರ ಅಂಚು ಮಾತ್ರ ಕಾಣುತ್ತಿತ್ತು. ಹಿಂದಕ್ಕೆ ಹೋಗಲು ಜಾಗ ಸಾಲದ್ದೇ ಒಂದು ಸುಳಿವು ಎಂದು ಈಗ ಅನ್ನಿಸುತ್ತದೆ. ಆಗ ಸೊಂಟ ನೋಯುತ್ತಿತ್ತು ಅಷ್ಟೆ.

ಮಂಚ ಚೆನ್ನಾಗಿ ಬಂತು. ಮರದ ತಲೆಹಲಗೆ, ಸಾಸಿವೆ ಹೂವಿನ ಬಣ್ಣದ ಹೊದಿಕೆ, ಎರಡೂ ಪಕ್ಕ ಪುಟ್ಟ ಮೇಜು, ಅದರ ಮೇಲೆ ದೀಪ. ಮೂರು ಟೈಲ್ಸು ಮಂಚಕ್ಕೆ, ಅತ್ತ ಇತ್ತ ಒಂದೂಮುಕ್ಕಾಲು. ಕೋಣೆ ಎಷ್ಟು ಹರವಾಗಿ ಕಂಡಿತೆಂದರೆ ಕಿಟಕಿಯ ಹತ್ತಿರ ಒಂದು ಈಸಿ ಚೇರನ್ನೂ ಹಾಕಿದೆ. ಬ್ರೋಕರ್ ನೋಡಿ, ಅಣ್ಣ, ಇಂಥ ಮನೆ ನಂಗೇ ಬೇಕು ಅಂದ. ಸಂಜೆಯೊಳಗೆ ಆ ಚಿತ್ರ ಅವನ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲೂ ಓಡಾಡುತ್ತಿತ್ತು.

ಎರಡು ದಿನ ಬಿಟ್ಟು ಒಬ್ಬ ಹೆಂಗಸು ಫೋನ್ ಮಾಡಿದರು. ನಂಬರು ಬ್ರೋಕರೇ ಕೊಟ್ಟದ್ದು, ಅಳತೆಯ ಪ್ರಶ್ನೆಗೆ ಅವನಲ್ಲಿ ಉತ್ತರ ಇರಲಿಲ್ಲ. ಅಮ್ಮತ್ತಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಇವರು ರೈಟರ್ ಆಗಿದ್ದವರು; ಕೂಲಿ ಹಾಜರಿ, ಪಿಕ್ಕಿಂಗ್ ತೂಕ ಎಲ್ಲ ಬರೆದುಕೊಳ್ಳುವ ಕೆಲಸ. ಈಗ ರಿಟೈರ್ ಆಗಿದ್ದರು, ಎಸ್ಟೇಟಿನ ಕ್ವಾರ್ಟರ್ಸ್ ಬಿಡಬೇಕಿತ್ತು. ಜೊತೆಗೆ ಅಕ್ಕ. ಅಕ್ಕ ಪ್ರೈಮರಿ ಶಾಲೆಯ ಟೀಚರಾಗಿದ್ದವರು, ಹಿಂದಿನ ವರ್ಷ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿತ್ತು, ಮಾತು ಒಂದೊಂದೇ ಪದವಾಗಿ ಬರುತ್ತಿತ್ತು. ಕುಶಾಲನಗರದಲ್ಲಿ ಫಿಸಿಯೋಥೆರಪಿ ಸಿಗುತ್ತದೆ, ಮೆಟ್ಟಿಲಿಲ್ಲದ ಮನೆ ಬೇಕು ಎಂದು ಹುಡುಕುತ್ತಿದ್ದರು. ಅಕ್ಕನನ್ನು ಬಿಟ್ಟು ಮನೆ ನೋಡಲು ಬರುವ ಹಾಗಿರಲಿಲ್ಲ. ಹಾಗಾಗಿ ಫೋಟೋ ನೋಡಿಯೇ ತೀರ್ಮಾನ ಮಾಡಬೇಕಿತ್ತು.

ಮಂಚ ಸುಳ್ಳಿನದು ಎಂಬುದು ಅವರಿಗೆ ಗೊತ್ತಿತ್ತು. ಮೂಲೆಯ ಬರಹವನ್ನು ಓದಿದ್ದರು. ಅವರಿಗೆ ಬೇಕಾಗಿದ್ದು ಆ ಸುಳ್ಳು ಮಂಚ ಎಷ್ಟು ಅಗಲ ಎಂಬುದು. ಆರಡಿ ಎಂದೆ. ಹಾಗಾದ್ರೆ ಪಕ್ಕದ ಜಾಗ ಮೂರೂವರೆ, ಮೂರೂವರೆ. ಒಟ್ಟು ಹದಿಮೂರಡಿ ಕೋಣೆ, ಸರಿಯಾ ಎಂದು ಕೇಳಿದರು. ಅವರ ಲೆಕ್ಕ ನನಗಿಂತ ಚುರುಕು. ನಾನು ಆವರೆಗೆ ಕೂಡಿಯೇ ಇರಲಿಲ್ಲ. ಡಬಲ್ ಕಾಟಿನ ಬದಲು ಎರಡು ಸಿಂಗಲ್ ಕಾಟು ಹಾಕಬೇಕು, ಒಂದು ಅಕ್ಕನ ಆಸ್ಪತ್ರೆ ಕಾಟು, ಇನ್ನೊಂದು ತನ್ನದು, ನಡುವೆ ವೀಲ್‌ಚೇರು ತಿರುಗಬೇಕು ಎಂದು ವಿವರಿಸಿದರು. ಇಬ್ಬರೂ ಮದುವೆಯಾಗಿರಲಿಲ್ಲ. ಹುಟ್ಟಿದಾಗಿನಿಂದ ಒಂದೇ ಕೋಣೆಯಲ್ಲಿ ಮಲಗಿದವರು. ಅಕ್ಕನಿಗೆ ಈಗ ಕೂಗಲು ದನಿ ಇರಲಿಲ್ಲ, ಏನಾದರೂ ಬೇಕಾದರೆ ಎಡಗೈ ಚಾಚಿ ತಂಗಿಯ ಮಂಚವನ್ನು ತಟ್ಟುತ್ತಿದ್ದರು. ಬೇರೆ ಬೇರೆ ಕೋಣೆ ಆಗುವುದೇ ಇಲ್ಲ ಎಂದರು.

ಕೊನೆಗೆ ಇಷ್ಟು ಕೇಳಿದರು. "ಹದಿಮೂರಡಿ ಅಂದ್ರೆ ದೊಡ್ಡ ಕೋಣೆ ಅಲ್ವಾ ಸರ್? ಹಳೇ ಬಿಲ್ಡಿಂಗು ಅಂತಾರೆ. ಒಂದ್ಸಲ ಅಳೆದು ಹೇಳ್ತೀರಾ?"

ನನಗೆ ಸಿಟ್ಟು ಬಂತು. ಇಪ್ಪತ್ತೈದು ವರ್ಷ ಕ್ಯಾಮೆರಾ ಹಿಡಿದವನನ್ನು ಎಸ್ಟೇಟಿನ ರೈಟರ್ ಅಳೆದು ನೋಡು ಅನ್ನುತ್ತಾರಲ್ಲ ಎಂದು. "ಅಳೆಯೋದೇನೂ ಬೇಡ ಮೇಡಂ, ನಾನು ಟೈಲ್ಸ್ ಎಣಿಸಿಯೇ ಮಂಚ ಹಾಕೋದು" ಎಂದೆ. ಅಷ್ಟು ಖಂಡಿತವಾಗಿ ಹೇಳಿದವನ ಮಾತನ್ನು ಮತ್ತೆ ಕೆದಕುವುದು ಹೇಗೆ ಎಂದೋ ಏನೋ, ಸರಿ ಸರ್, ತುಂಬಾ ಉಪಕಾರ ಆಯ್ತು ಎಂದು ಇಟ್ಟರು.

ಅಡ್ವಾನ್ಸ್ ಕೊಟ್ಟು, ಒಂದು ತಿಂಗಳು ಬಿಟ್ಟು ಅವರು ಸಾಮಾನು ಸಮೇತ ಬಂದ ದಿನ ನನಗೆ ಆ ಮನೆಯಲ್ಲಿ ಕೆಲಸವಿರಲಿಲ್ಲ. ಮೂರನೇ ಮಹಡಿಯಲ್ಲಿ ಇನ್ನೊಂದು ಮನೆ ಖಾಲಿಯಾಗಿದೆ, ಫೋಟೋ ತೆಗೆಯಿರಿ ಎಂದು ಬ್ರೋಕರ್ ಕರೆದಿದ್ದ. ನಾನು ಹೋದಾಗ ಅಂಗಳದಲ್ಲಿ ಸಾಮಾನು ತುಂಬಿದ ಪಿಕಪ್ ನಿಂತಿತ್ತು, ಅದರ ಪಕ್ಕ ಒಂದು ಓಮ್ನಿ. ಸಿದ್ದಾಪುರ, ನೆಲ್ಯಹುದಿಕೇರಿ ಮೇಲಿಂದ ಬೆಳಿಗ್ಗೆಯೇ ಹೊರಟು ಬಂದಿದ್ದರು. ಅಕ್ಕನನ್ನು ಇಳಿಸಿ ವೀಲ್‌ಚೇರಿನಲ್ಲಿ ನೆರಳಿಗೆ ಕೂರಿಸಿದ್ದರು. ಬಿಳಿ ಕೂದಲನ್ನು ಬಿಗಿಯಾಗಿ ಹೆಣೆದ, ನೆಟ್ಟಗೆ ಕೂತ ಹೆಂಗಸು. ಮಡಿಲಲ್ಲಿ ಮೊಬೈಲು. ಮೊಬೈಲಿನಲ್ಲಿ ನನ್ನ ಸಾಸಿವೆ ಬಣ್ಣದ ಹೊದಿಕೆ. ನಾನೇ ಮಾಡಿದ ಚಿತ್ರವನ್ನು ಬೇರೊಬ್ಬರ ಮಡಿಲಲ್ಲಿ ನೋಡಿ ಒಂದು ಕ್ಷಣ ಖುಷಿಯೇ ಆಯಿತು, ಅದನ್ನೂ ಬರೆಯಬೇಕು.

ಒಳಗಿನಿಂದ ಸ್ಟೀಲ್ ಟೇಪು ಸರ್ರನೆ ಮಡಚಿಕೊಳ್ಳುವ ಸದ್ದು ಕೇಳಿತು. ತಂಗಿ ಮತ್ತೊಮ್ಮೆ ಅಳೆದರು, ಇನ್ನೊಮ್ಮೆ ಅಳೆದರು. ಆಮೇಲೆ ಹೊರಗೆ ಬಂದು ಬ್ರೋಕರನಿಗೆ, ಕೋಣೆ ಎಂಟಡಿ ಎಂಟಿಂಚು ಎಂದರು. ದನಿ ಏರಿರಲಿಲ್ಲ. ಎರಡು ಕಾಟು ಹಾಕಿದರೆ ನಡುವೆ ಉಳಿಯುವುದು ಎರಡಡಿ ಎಂಟಿಂಚು. ವೀಲ್‌ಚೇರಿನ ಅಗಲವೇ ಎರಡಡಿ ಎರಡಿಂಚು. ಚೇರು ಹೋಗುತ್ತದೆ, ತಿರುಗುವುದಿಲ್ಲ. ಅಕ್ಕನನ್ನು ಚೇರಿನಿಂದ ಮಂಚಕ್ಕೆ ಎತ್ತಿ ಕೂರಿಸಬೇಕಾದರೆ ಚೇರನ್ನು ಓರೆ ನಿಲ್ಲಿಸಬೇಕು, ಮುಂದೆ ತಾನು ಕಾಲೂರಿ ನಿಲ್ಲಬೇಕು. ಅದಕ್ಕೆ ಜಾಗವಿಲ್ಲ.

ನಾನು ಒಳಗೆ ಹೋಗಿ ಬಗ್ಗಿ ನೆಲ ನೋಡಿದೆ. ಗೇಣು ಹಾಕಿದೆ. ಟೈಲ್ಸು ಎರಡಡಿಯದಲ್ಲ, ಹದಿನಾರಿಂಚಿನದು. ಈ ಕಟ್ಟಡ ಕಟ್ಟುವ ಕಾಲಕ್ಕೆ ಅದೇ ನಡೆಯುತ್ತಿತ್ತು, ನನ್ನ ಸ್ಟುಡಿಯೋಗೂ ಅದನ್ನೇ ಹಾಕಿಸಿದ್ದೇನೆ. ದಿನಾ ಅದರ ಮೇಲೆ ಓಡಾಡುತ್ತೇನೆ. ಫೋಟೋದಲ್ಲಿ ನಾನು ಮಾಡಿದ ಮಂಚದ ಅಗಲ ಮೂರು ಟೈಲ್ಸು, ಅಂದರೆ ನಾಲ್ಕಡಿ. ನಾಲ್ಕಡಿಯ ಮಂಚಕ್ಕೆ ಆರಡಿಯ ಮಂಚದ ರೂಪ ಕೊಟ್ಟು, ಇಡೀ ಕೋಣೆಯನ್ನು ಒಂದೂವರೆ ಪಟ್ಟು ಮಾಡಿಬಿಟ್ಟಿದ್ದೆ. ಗೋಡೆಯನ್ನು ಮುಟ್ಟಿರಲಿಲ್ಲ, ಕಲೆಯನ್ನು ಅಳಿಸಿರಲಿಲ್ಲ. ನಿಯಮ ಒಂದೂ ಮುರಿದಿರಲಿಲ್ಲ.

ಹೊರಗೆ ಬ್ರೋಕರ್ ಕೈ ತೊಳೆದುಕೊಳ್ಳುವ ಕೆಲಸದಲ್ಲಿದ್ದ. ಫೋಟೋದಲ್ಲೇ ಬರೆದಿದೆಯಲ್ಲ ಮೇಡಂ, ಚಿತ್ರಕ್ಕೆ ಮಾತ್ರ ಅಂತ. ಚಿಕ್ಕ ರೂಮಿಗೆ ಅಕ್ಕನ ಕಾಟು, ದೊಡ್ಡ ರೂಮಿಗೆ ನಿಮ್ಮದು ಹಾಕಿಕೊಳ್ಳಿ. ಬೇಡವಾದರೆ ಅಡ್ವಾನ್ಸ್ ಓನರ್ ಹತ್ತಿರ ಕೇಳಿ ವಾಪಸ್ ಕೊಡಿಸುತ್ತೇನೆ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದ. ಬೇಡ ಎಂದರೆ ಎಲ್ಲಿಗೆ ಹೋಗುವುದು? ಕ್ವಾರ್ಟರ್ಸಿನ ಕೀಯನ್ನು ಬೆಳಿಗ್ಗೆ ಆಫೀಸಿನಲ್ಲಿ ಕೊಟ್ಟೇ ಹೊರಟಿದ್ದರು. ಪಿಕಪ್ಪಿನ ಡ್ರೈವರ್ ಹಗ್ಗ ಬಿಚ್ಚಲೋ ಬೇಡವೋ ಎಂದು ಹಗ್ಗ ಹಿಡಿದೇ ನಿಂತಿದ್ದ.

ಆಗ ನಾನು ಸುಮ್ಮನೆ ಮೂರನೇ ಮಹಡಿಗೆ ಹತ್ತಿಬಿಡಬಹುದಿತ್ತು. ಅವರಿಗೆ ನನ್ನ ದನಿ ಗೊತ್ತು, ಮುಖ ಗೊತ್ತಿರಲಿಲ್ಲ. ಒಂದೆರಡು ಹೆಜ್ಜೆ ಆ ಕಡೆ ಇಟ್ಟೂ ಇದ್ದೆ. ಯಾಕೆ ನಿಂತೆನೋ, ಒಳ್ಳೆಯತನದಿಂದ ಅಂತೂ ಅಲ್ಲ. ಆ ಅಕ್ಕ ನನ್ನನ್ನೇ ನೋಡುತ್ತಿದ್ದರು. ಕ್ಲಾಸಿನಿಂದ ನುಣುಚಿಕೊಳ್ಳುವವನನ್ನು ಟೀಚರ್ ನೋಡುತ್ತಾರಲ್ಲ, ಹಾಗೆ. ತಂಗಿಯ ಎದುರು ಹೋಗಿ, ಮೇಡಂ, ಫೋನಿನಲ್ಲಿ ಮಾತಾಡಿದ್ದು ನಾನೇ, ಟೈಲ್ಸ್ ತಪ್ಪಾಗಿ ಎಣಿಸಿದ್ದು ನಾನೇ ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸ್ಟುಡಿಯೋ ಎಲ್ಲಿ ಎಂದು ಕೇಳಿದರು. ಹೇಳಿದೆ.

"ಚಿತ್ರ ತಪ್ಪಾಗಿದ್ದಕ್ಕೆ ಸಿಟ್ಟಿಲ್ಲ ನಂಗೆ. ಲೆಕ್ಕ ನಂಗೂ ತಪ್ಪಿದೆ ಎಷ್ಟೋ ಸಲ" ಎಂದರು. "ಇಲ್ಲೇ ಇದ್ರಲ್ಲ ನೀವು. ಎದ್ದು ಬಂದು ನೋಡೋಕೆ ಹತ್ತು ನಿಮಿಷ. ಕೇಳಿದ್ನಲ್ಲ ನಾನು, ಬಾಯಿ ಬಿಟ್ಟು ಕೇಳಿದ್ನಲ್ಲ."

ನನಗೆ ನಾಚಿಕೆಯಾಯಿತು. ಎಷ್ಟೋ ಜನರ ಬೈಗುಳ ತಿಂದಿದ್ದೇನೆ, ಮದುಮಗಳ ಕಣ್ಣು ಮುಚ್ಚಿದ ಫೋಟೋಗೆ ಮದುಮಗಳ ಸೋದರಮಾವನಿಂದ ಹೊಡೆತ ತಪ್ಪಿಸಿಕೊಂಡಿದ್ದೇನೆ. ಯಾವುದೂ ಹೀಗೆ ಒಳಗೆ ಇಳಿದಿರಲಿಲ್ಲ.

ಹಾಲ್ ಒಂದು ಇತ್ತು. ಅದನ್ನೂ ನಾನೇ ಸೋಫಾ, ಡೈನಿಂಗ್ ಟೇಬಲ್ ಹಾಕಿ ತುಂಬಿಸಿದ್ದೆ. ಅವರ ಟೇಪು ಇಸಿದುಕೊಂಡು ಈ ಸಲ ಅಳೆದೆ. ಅಗಲ ಹದಿಮೂರಡಿ ನಾಲ್ಕಿಂಚು, ಉದ್ದ ಹದಿನೇಳು ಚಿಲ್ಲರೆ. ಹಾಲಿಗೆ ಅಂಟಿಕೊಂಡೇ ಇನ್ನೊಂದು ಬಾತ್‌ರೂಮು, ಬಾಗಿಲು ಎರಡೂವರೆ ಅಡಿ. ನಾನು ಹಾಲ್ ಎಂದು ಬಾಯಿ ತೆರೆಯುವ ಮೊದಲೇ ತಂಗಿ ತಲೆಯಾಡಿಸಿದರು. ಮುಂಬಾಗಿಲು ತೆಗೆದರೆ ನೇರ ಹಾಲ್. ಹಾಲು ತರುವವನು, ಗ್ಯಾಸಿನವನು, ಪಕ್ಕದ ಮನೆಯವರು, ಎಲ್ಲರೂ ಮೊದಲು ನೋಡುವುದು ಅಕ್ಕನ ಮಂಚವನ್ನೇ. ಊರಿನ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿದವಳು, ಬಾಯಿ ಒಂದು ಕಡೆ ಸೊಟ್ಟಗಾಗಿ ಮಲಗಿರುವುದನ್ನು ದಾರಿಹೋಕರು ನೋಡಬೇಕಾ ಎಂದರು. ಜಾಗ ಆಗುತ್ತದಾ ಇಲ್ಲವಾ ಅದನ್ನಾದರೂ ನೋಡೋಣ ಎಂದೆ. ಇನ್ನು ನಿಮ್ಮ ಚಿತ್ರ ನನಗೆ ಬೇಡ ಎಂದರು. ಚಿತ್ರ ಅಲ್ಲ ಎಂದು ಹೇಳಿ ಸ್ಕೂಟರ್ ಹತ್ತಿದೆ.

ಸ್ಟುಡಿಯೋದಲ್ಲಿ ಒಂದು ಕಾಗದದ ಅಂಟುಪಟ್ಟಿಯ ಸುರುಳಿ ಇಟ್ಟಿದ್ದೆ. ಗುಂಪು ಫೋಟೋ ತೆಗೆಯುವಾಗ ಗಂಡು ಇಲ್ಲಿ ನಿಲ್ಲಬೇಕು, ಹೆಣ್ಣು ಅಲ್ಲಿ ಎಂದು ನೆಲಕ್ಕೆ ಗುರುತು ಅಂಟಿಸಲು. ಕೀಳುವಾಗ ಕಲೆ ಉಳಿಯುವುದಿಲ್ಲ. ಅದನ್ನು ತಂದು, ಪಿಕಪ್ಪಿನ ಮೇಲಿದ್ದ ಕಾಟುಗಳನ್ನೇ ಅಳೆದು, ಹಾಲಿನ ನೆಲದ ಮೇಲೆ ಎರಡು ಆಯತ ಅಂಟಿಸಿದೆ. ಮೂರಡಿ ಅಗಲ, ಏಳಡಿ ಉದ್ದ ಅಕ್ಕನದು. ಪಕ್ಕದಲ್ಲಿ ಐದಡಿ ಬಿಟ್ಟು ತಂಗಿಯದು. ಕೈ ಚಾಚಿದರೆ ತಲುಪಬೇಕು ಎಂಬುದು ನೆನಪಾಗಿ, ಕಾಲಿನ ಕಡೆ ಐದಡಿ ಬಿಟ್ಟು ತಲೆಯ ಕಡೆ ಹತ್ತಿರ ಬರುವಂತೆ ತಂಗಿಯದನ್ನು ಓರೆ ಮಾಡಿದೆ. ಅಂಟಿಸುತ್ತಿದ್ದಾಗ ಮೊಣಕಾಲು ನೋಯುತ್ತಿತ್ತು. ಕಂಪ್ಯೂಟರಿನಲ್ಲಿ ಇಷ್ಟು ಹೊತ್ತಿಗೆ ನಾಲ್ಕು ಮನೆ ತುಂಬಿಸಿರುತ್ತಿದ್ದೆ.

ಅಕ್ಕನ ತಲೆ ಮುಂಬಾಗಿಲ ಕಡೆಗೆ, ಕಾಲು ಒಳಗೋಡೆಯ ಕಡೆಗೆ ಬರುವಂತೆ ಗುರುತು ಹಾಕಿದ್ದೆ. ಹಾಗೆ ಮಾಡಿದರೆ ಬಾಗಿಲಲ್ಲಿ ನಿಂತವರಿಗೆ ಮುಖ ಕಾಣುವುದಿಲ್ಲ. ತಂಗಿಯೂ ಅದನ್ನು ಗಮನಿಸಿ ಮೊದಲ ಸಲ ಹೂಂ ಎಂದರು. ಒಂದು ಪರದೆಯನ್ನೂ ಕಟ್ಟಬಹುದು ಎಂದು ಬ್ರೋಕರ್ ಸೇರಿಸಿದ.

ತಂಗಿ ವೀಲ್‌ಚೇರನ್ನು ಒಳಗೆ ತಂದರು. ಚೇರು ಪಟ್ಟಿಗಳ ನಡುವೆ ಹೋಯಿತು, ತಿರುಗಿತು, ಬಾತ್‌ರೂಮಿನವರೆಗೆ ಹೋಗಿ ಬಂತು. ತಂಗಿ ಚೇರನ್ನು ಓರೆ ನಿಲ್ಲಿಸಿ ಮುಂದೆ ಕಾಲೂರಿ ನಿಂತು ನೋಡಿದರು. ಸರಿಹೋಯಿತು. ಡ್ರೈವರ್ ಹಗ್ಗ ಬಿಚ್ಚತೊಡಗಿದ.

ಅಕ್ಕ ಆವರೆಗೆ ಮೊಬೈಲಿನ ಚಿತ್ರವನ್ನೂ ನೆಲದ ಪಟ್ಟಿಯನ್ನೂ ನೋಡುತ್ತ ಇದ್ದರು. ನನಗೆ ಆಮೇಲೆ ಗೊತ್ತಾದದ್ದು, ಊರು ಬಿಡಲು ಒಪ್ಪದೆ ಅವರು ಹಟ ಹಿಡಿದಾಗಲೆಲ್ಲ ತಂಗಿ ಆ ಚಿತ್ರ ತೋರಿಸಿ, ನೋಡು, ಇದೇ ನಮ್ಮ ಕೋಣೆ ಎನ್ನುತ್ತಿದ್ದರಂತೆ. ಒಂದು ತಿಂಗಳು ಆ ಹೊದಿಕೆಯನ್ನು ನೋಡಿದ್ದರು. ಈಗ ಮೊಬೈಲನ್ನು ತಂಗಿಯ ಕೈಗೆ ಕೊಟ್ಟು ಕೇಳಿದರು.

"ನಾ... ಎಲ್ಲಿ?"

ಆಯತವನ್ನು ತೋರಿಸಿದೆ. ಇಲ್ಲಿ ಟೀಚರ್, ಇದು ನಿಮ್ಮ ಮಂಚ ಎಂದೆ. ಅವರು ಎಡಗೈಯಿಂದ ಚೇರಿನ ಚಕ್ರವನ್ನು ತಾವೇ ತಳ್ಳಲು ನೋಡಿದರು. ತಂಗಿ ಸಹಾಯ ಮಾಡಿ ಚೇರನ್ನು ಪಟ್ಟಿಯ ಒಳಗೆ, ದಿಂಬು ಬರುವಲ್ಲಿ, ನಿಲ್ಲಿಸಿದರು. ಅಲ್ಲಿ ಕೂತು ಅಕ್ಕ ಎದುರಿಗೆ ನೋಡಿದರು. ಎದುರಿಗೆ ಬೋಳು ಗೋಡೆ, ಅದರಲ್ಲಿ ಟೀವಿಯ ಒಂದು ಪ್ಲಗ್ ಪಾಯಿಂಟು. ನನ್ನ ಚಿತ್ರದಲ್ಲಿ ಆ ಗೋಡೆಗೆ ಕಾಫಿ ಹೂವಿನ ಒಂದು ಫ್ರೇಮು ತೂಗುಹಾಕಿದ್ದೆ.

"ಗೋಡೆ" ಎಂದರು. ಆಮೇಲೆ ಕತ್ತನ್ನು ಹಿಂದಕ್ಕೆ ಹೊರಳಿಸಲು ನೋಡಿ, "ಬಾಗ್ಲು" ಎಂದರು.

ತಂಗಿಗೆ ಅರ್ಥವಾಯಿತು. ಬಗ್ಗಿ ಅಕ್ಕನ ಕಿವಿಯ ಹತ್ತಿರ, "ಆ ಕಡೆ ತಿರುಗಿದ್ರೆ ಬಂದೋರೆಲ್ಲ ನಿನ್ನ ನೋಡ್ತಾರಲ್ಲಕ್ಕ" ಎಂದರು.

ಅಕ್ಕನ ಬಾಯಿ ಒಂದು ಕಡೆಯಿಂದ ಅಲುಗಾಡಿತು. ಪದ ಬರಲು ತಡವಾಯಿತು. ಬ್ರೋಕರ್ ಕೂಡ ಫೋನ್ ಕೆಳಗಿಟ್ಟು ಕಾದ.

"ನಾನೂ... ನೋಡ್ತೀನಲ್ಲ."

ತಂಗಿ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಎಲ್ಲಿ ನೋಡಬೇಕು ಎಂದು ತಿಳಿಯದೆ ಪಟ್ಟಿಗಳನ್ನು ಕೀಳಲು ಶುರು ಮಾಡಿದೆ. ಇಷ್ಟು ವರ್ಷ, ಇಷ್ಟು ಮನೆ, ಇಷ್ಟು ಮಂಚ. ಬಾಗಿಲಲ್ಲಿ ನಿಂತವನಿಗೆ ಮಂಚ ಹೇಗೆ ಕಾಣುತ್ತದೆ ಎಂದು ಬಿಟ್ಟರೆ ಬೇರೇನನ್ನೂ ನಾನು ಒಂದು ಸಲವೂ ಯೋಚಿಸಿರಲಿಲ್ಲ. ಆ ಮಂಚಗಳಲ್ಲಿ ಯಾರೂ ಮಲಗುತ್ತಿರಲಿಲ್ಲ, ಅದು ನನ್ನ ಸಮಜಾಯಿಷಿ. ಇವರು ಮಲಗುವವರು. ಗುರುತನ್ನು ತಿರುಗಿಸಿ, ದಿಂಬನ್ನು ಒಳಗೋಡೆಗೆ, ಕಾಲನ್ನು ಬಾಗಿಲಿಗೆ ಹಾಕಿ ಮತ್ತೆ ಅಂಟಿಸಿದೆ. ತಂಗಿಯ ಮಂಚದ ಗುರುತನ್ನೂ ತಿರುಗಿಸಿ ಅಕ್ಕನ ಎಡಗೈ ಕಡೆಗೇ ಬರುವಂತೆ ಹಾಕಿದೆ. ಅಕ್ಕನನ್ನು ಹೊಸ ಜಾಗದಲ್ಲಿ ನಿಲ್ಲಿಸಿದಾಗ ತೆರೆದ ಬಾಗಿಲಿನಲ್ಲಿ ಪಿಕಪ್ಪು, ಗೇಟು, ಆಚೆ ರಸ್ತೆ, ರಸ್ತೆಯ ಆಚೆ ಒಂದು ಬೇಕರಿ ಕಂಡವು. ಅವರು ಬೇಕರಿಯನ್ನು ಬಹಳ ಹೊತ್ತು ನೋಡಿದರು.

ಕಾಟುಗಳನ್ನು ಪಟ್ಟಿಯ ಮೇಲೆಯೇ ಇಳಿಸಿದೆವು. ಗೆರೆಗೆ ಗೆರೆ ಕೂತವು. ನಾನು ಹೊರಡುವಾಗ ತಂಗಿ ನನಗೆ ಥ್ಯಾಂಕ್ಸ್ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಟೇಪನ್ನು ಮಾತ್ರ ನನ್ನ ಕೈಯಿಂದ ವಾಪಸ್ ತೆಗೆದುಕೊಳ್ಳದೆ, ಇಟ್ಕೊಳ್ಳಿ, ನಮ್ಮತ್ರ ಇನ್ನೊಂದು ಉಂಟು ಎಂದರು.

ಆ ಸಂಜೆ ಚಿತ್ರವನ್ನು ಗ್ರೂಪುಗಳಿಂದ ತೆಗೆಸಿದೆ. ಬ್ರೋಕರನ ಫೋನಿನಿಂದ ಹೋಯಿತು, ಬೇರೆಯವರ ಫೋನಿನಲ್ಲಿ ಇನ್ನೂ ಎಲ್ಲಿ ಓಡಾಡುತ್ತಿದೆಯೋ. ಈಗ ಪ್ರತಿ ಕೋಣೆಯ ಉದ್ದ ಅಗಲವನ್ನು ಚಿತ್ರದ ಮೇಲೆಯೇ ಬರೆಯುತ್ತೇನೆ. ಚಿಕ್ಕ ಕೋಣೆಗೆ ಡಬಲ್ ಕಾಟ್ ಹಾಕಿದರೆ ಇಕ್ಕಟ್ಟಾಗಿಯೇ ಕಾಣಲಿ ಎಂದು ಬಿಡುತ್ತೇನೆ. ಬ್ರೋಕರನಿಗೆ ಇದು ರುಚಿಸಿಲ್ಲ. ಹಿಂಗಾದ್ರೆ ಮನೆ ಹೋಗಲ್ಲ ಅಣ್ಣ ಎಂದು ಗೊಣಗುತ್ತಾನೆ, ಮನೆಗಳು ಹೋಗುತ್ತಲೇ ಇವೆ.

ಆ ರಸ್ತೆಯಲ್ಲಿ ಸ್ಕೂಟರಿನಲ್ಲಿ ಹೋಗುವಾಗ ಕೆಳಮನೆಯ ಬಾಗಿಲು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಒಳಗಿಂದ ಎಡಗೈ ಒಂದು ಮೇಲಕ್ಕೆ ಏಳುತ್ತದೆ. ನನ್ನನ್ನು ಗುರುತು ಹಿಡಿದು ಎತ್ತುತ್ತಾರೆ ಎಂದು ಮೊದಮೊದಲು ಹಿಗ್ಗಿದ್ದೆ. ಆಮೇಲೆ ಬೇಕರಿಯವನು ಹೇಳಿದ, ಟೀಚರ್ ಹೋಗೋ ಬರೋ ಎಲ್ಲರಿಗೂ ಎತ್ತುತ್ತಾರೆ, ನನಗೂ ಬೆಳಿಗ್ಗೆ ಷಟರ್ ತೆಗೆದ ಕೂಡಲೇ ಒಂದು ಎಂದು.

ಮೊನ್ನೆ ಒಂದು ಹೊಸ ಫ್ಲ್ಯಾಟಿನ ಫೋಟೋಗೆ ಹೋಗಿದ್ದೆ. ಬ್ರೋಕರ್ ಕೀ ವಾಪಸ್ ತೆಗೆದುಕೊಳ್ಳಲು ಬಂದವನು, ಖಾಲಿ ಬೆಡ್‌ರೂಮಿನ ನೆಲದ ಮೇಲೆ ನಾನು ಅಂಗಾತ ಮಲಗಿರುವುದನ್ನು ಕಂಡು ಹೌಹಾರಿದ. ಹಾರ್ಟು ಹೋಯಿತು ಎಂದುಕೊಂಡನಂತೆ. ಎದೆ ಮುಟ್ಟಲು ಬಗ್ಗಿದವನಿಗೆ, ಏನೂ ಆಗಿಲ್ಲ ಮಾರಾಯ, ದಿಂಬು ಬರೋ ಜಾಗ ನೋಡ್ತಿದ್ದೇನೆ ಎಂದೆ. ಅವನು ನಾನು ನೋಡುತ್ತಿದ್ದ ಕಡೆ ತಾನೂ ನೋಡಿದ. ಅಲ್ಲಿ ಬಾಗಿಲಿರಲಿಲ್ಲ, ಕಿಟಕಿಯಿರಲಿಲ್ಲ, ಗೋಡೆಗೆ ಕೂರಿಸಿದ ಕಬೋರ್ಡಿನ ಹಲಗೆ ಇತ್ತು.

"ಏನು ಕಾಣ್ತದೆ ಅಣ್ಣ?" ಎಂದ.

"ಏನೂ ಇಲ್ಲ" ಎಂದೆ. "ಮಂಚ ತಿರುಗಿಸ್ಬೇಕು."